ಎರಡು ಬ್ಯಾಟರಿ, ಒಂದು ಸುತ್ತು: ಕಿರ್ಚಾಫ್ ನಿಯಮಗಳಿಂದ ಸಮೀಕರಣ ಬರೆಯುವ ಬಗೆ

ಒಂದು ಬ್ಯಾಟರಿ, ಒಂದು ರೋಧಕ ಇರುವ ವಿದ್ಯುತ್ ಮಂಡಲದಲ್ಲಿ ಕರೆಂಟು ಎಷ್ಟೆಂದು ತಿಳಿಯಲು ಓಮ್ ನಿಯಮ ಸಾಕು. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಅದೇ ಸುತ್ತಿನಲ್ಲಿ ಇನ್ನೊಂದು ಬ್ಯಾಟರಿ ಸೇರಿದಾಗ ಯಾವ ವೋಲ್ಟೇಜನ್ನು ಭಾಗಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಎರಡನ್ನೂ ಕೂಡಿಸಬೇಕೋ, ಒಂದರಿಂದ ಇನ್ನೊಂದನ್ನು ಕಳೆಯಬೇಕೋ? ಊಹೆಗೆ ಎಡೆಯಿಲ್ಲದಂತೆ ಇದನ್ನು ತೀರ್ಮಾನಿಸುವ ಎರಡು ನಿಯಮಗಳನ್ನು ಜರ್ಮನಿಯ ಗುಸ್ಟಾವ್ ಕಿರ್ಚಾಫ್ 1845ರಲ್ಲಿ, ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಪ್ರಕಟಿಸಿದರು. ಮೊದಲನೆಯದು ಕರೆಂಟಿನ ನಿಯಮ, ಎರಡನೆಯದು ವೋಲ್ಟೇಜಿನ ನಿಯಮ.

ಉದಾಹರಣೆಗೆ, 12 ವೋಲ್ಟ್ ಬ್ಯಾಟರಿಯಿಂದ 6 ವೋಲ್ಟ್‌ನ ಲೆಡ್-ಆಸಿಡ್ ಬ್ಯಾಟರಿಯೊಂದನ್ನು ಚಾರ್ಜ್ ಮಾಡುವ ಮಂಡಲವನ್ನು ತೆಗೆದುಕೊಳ್ಳಬಹುದು. ಕಾಗದದ ಮೇಲೆ ಒಂದು ಚೌಕ ಬರೆದು, ಮೇಲಿನ ಎಡ ಮೂಲೆಗೆ ‘ಕ’, ಮೇಲಿನ ಬಲ ಮೂಲೆಗೆ ‘ಖ’, ಕೆಳಗಿನ ಬಲ ಮೂಲೆಗೆ ‘ಗ’, ಕೆಳಗಿನ ಎಡ ಮೂಲೆಗೆ ‘ಘ’ ಎಂದು ಹೆಸರಿಡಬೇಕು. ಎಡ ಬದಿಯಲ್ಲಿ 12 ವೋಲ್ಟ್ ಬ್ಯಾಟರಿ ಇದೆ. ಅದರ ಧನಾಗ್ರ ಮೇಲಕ್ಕೆ, ಅಂದರೆ ‘ಕ’ ಕಡೆಗಿದೆ. ಬಲ ಬದಿಯಲ್ಲಿ 6 ವೋಲ್ಟ್ ಬ್ಯಾಟರಿ ಇದೆ. ಅದರ ಧನಾಗ್ರವೂ ಮೇಲಕ್ಕೆ, ‘ಖ’ ಕಡೆಗಿದೆ. ಮೇಲಿನ ಬದಿಯಲ್ಲಿ 2 ಓಮ್ ರೋಧಕ, ಕೆಳಗಿನ ಬದಿಯಲ್ಲಿ 1 ಓಮ್ ರೋಧಕ. ಬ್ಯಾಟರಿಗಳ ಒಳರೋಧವನ್ನು ಸದ್ಯಕ್ಕೆ ಲೆಕ್ಕಕ್ಕೆ ಹಿಡಿದಿಲ್ಲ.

ಕರೆಂಟಿನ ನಿಯಮ ಹೇಳುವುದಿಷ್ಟು: ತಂತಿಗಳು ಕೂಡುವ ಯಾವುದೇ ಬಿಂದುವಿಗೆ ಎಷ್ಟು ಕರೆಂಟು ಬರುತ್ತದೆಯೋ ಅಷ್ಟೇ ಹೊರಗೆ ಹೋಗುತ್ತದೆ. ‘ಕ’ ಬಿಂದುವಿನಲ್ಲಿ ಸೇರುವುದು ಎರಡೇ ದಾರಿಗಳು. ಬ್ಯಾಟರಿಯಿಂದ ಬರುವ ಕರೆಂಟನ್ನು I₁ ಎಂದೂ, 2 ಓಮ್ ರೋಧಕಕ್ಕೆ ಹೋಗುವ ಕರೆಂಟನ್ನು I₂ ಎಂದೂ ಕರೆದರೆ, ಆ ಬಿಂದುವಿನ ಸಮೀಕರಣ ಹೀಗಿರುತ್ತದೆ:

I₁ = I₂

ಇದೇ ರೀತಿ ‘ಖ’ ಬಿಂದುವಿನಲ್ಲಿ I₂ = I₃, ‘ಗ’ ಬಿಂದುವಿನಲ್ಲಿ I₃ = I₄. ಕರೆಂಟು ಕವಲೊಡೆಯುವ ಜಾಗವೇ ಇಲ್ಲದ ಕಾರಣ ಇಡೀ ಸುತ್ತಿನಲ್ಲಿ ಒಂದೇ ಕರೆಂಟು ಹರಿಯುತ್ತದೆ. ಅದನ್ನು ಬರೀ I ಎಂದು ಬರೆದರೆ ಸಾಕು. ಹೊಸಬರು ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ. ರೋಧಕ ದಾಟಿದ ಮೇಲೆ ಕರೆಂಟು ಕಡಿಮೆಯಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಬ್ಯಾಟರಿಗೊಂದರಂತೆ ಎರಡು ಬೇರೆ ಕರೆಂಟುಗಳಿರುತ್ತವೆ ಎಂದು ಇನ್ನು ಕೆಲವರು ಭಾವಿಸುತ್ತಾರೆ. ಎರಡೂ ಸರಿಯಲ್ಲ. ರೋಧಕದಲ್ಲಿ ಇಳಿಯುವುದು ವೋಲ್ಟೇಜೇ ಹೊರತು ಕರೆಂಟಲ್ಲ.

ಇನ್ನು ವೋಲ್ಟೇಜಿನ ನಿಯಮ. ಬೆಟ್ಟ ಹತ್ತಿಳಿದು ಹೊರಟ ಜಾಗಕ್ಕೇ ಮರಳಿದವರು ಹತ್ತಿದ ಎತ್ತರವೂ ಇಳಿದ ಎತ್ತರವೂ ಸಮವಾಗಿರುತ್ತವೆ. ಹಾಗೆಯೇ, ಒಂದು ಬಿಂದುವಿನಿಂದ ಹೊರಟು ಸುತ್ತು ಮುಗಿಸಿ ಅಲ್ಲಿಗೇ ಬಂದಾಗ ವೋಲ್ಟೇಜಿನ ಎಲ್ಲ ಏರಿಕೆ ಇಳಿಕೆಗಳ ಮೊತ್ತ ಸೊನ್ನೆಯಾಗುತ್ತದೆ.

ಸಮೀಕರಣ ಬರೆಯುವ ಮೊದಲು ಎರಡು ದಿಕ್ಕುಗಳನ್ನು ಗೊತ್ತುಮಾಡಿಕೊಳ್ಳಬೇಕು: ಕರೆಂಟು ಹರಿಯುವ ದಿಕ್ಕು ಮತ್ತು ಲೆಕ್ಕ ಹಾಕುತ್ತ ಸಾಗುವ ದಿಕ್ಕು. ಇಲ್ಲಿ ಎರಡನ್ನೂ ಪ್ರದಕ್ಷಿಣವಾಗಿ, ಅಂದರೆ ಗಡಿಯಾರದ ಮುಳ್ಳು ತಿರುಗುವಂತೆ ಇಟ್ಟುಕೊಳ್ಳೋಣ. ಕರೆಂಟಿನ ದಿಕ್ಕು ಈಗ ಒಂದು ಊಹೆ ಮಾತ್ರ. ಅದು ತಪ್ಪಾಗಿದ್ದರೂ ತೊಂದರೆಯಿಲ್ಲ.

ಚಿಹ್ನೆಗಳ ಕಟ್ಟಳೆ ಸರಳವಾದದ್ದು. ಬ್ಯಾಟರಿಯನ್ನು ಋಣಾಗ್ರದಿಂದ ಧನಾಗ್ರದ ಕಡೆಗೆ ದಾಟಿದರೆ ಏರಿಕೆ, ಕೂಡುವ ಚಿಹ್ನೆ. ಧನಾಗ್ರದಿಂದ ಋಣಾಗ್ರದ ಕಡೆಗೆ ದಾಟಿದರೆ ಇಳಿಕೆ, ಕಳೆಯುವ ಚಿಹ್ನೆ. ರೋಧಕವನ್ನು ಕರೆಂಟು ಹರಿಯುವ ದಿಕ್ಕಿನಲ್ಲೇ ದಾಟಿದರೆ ಇಳಿಕೆ, ಅದಕ್ಕೆ ಎದುರಾಗಿ ದಾಟಿದರೆ ಏರಿಕೆ. ಎರಡರಲ್ಲೂ ಪ್ರಮಾಣ ಕರೆಂಟು ಮತ್ತು ರೋಧದ ಗುಣಲಬ್ಧ. ಬ್ಯಾಟರಿಯ ಚಿಹ್ನೆ ನಿರ್ಧಾರವಾಗುವುದು ಅದರ ಅಗ್ರಗಳನ್ನು ನೋಡಿ ಮಾತ್ರ, ಕರೆಂಟು ಯಾವ ಕಡೆ ಹರಿಯುತ್ತಿದೆ ಎಂಬುದನ್ನು ನೋಡಿ ಅಲ್ಲ. ಈ ಒಂದು ಅಂಶ ಮರೆತರೆ ಲೆಕ್ಕವೆಲ್ಲ ಕೆಡುತ್ತದೆ.

ಈಗ ‘ಘ’ ಬಿಂದುವಿನಿಂದ ಹೊರಡೋಣ. ಮೊದಲು 12 ವೋಲ್ಟ್ ಬ್ಯಾಟರಿಯನ್ನು ಋಣಾಗ್ರದಿಂದ ಧನಾಗ್ರಕ್ಕೆ ದಾಟುತ್ತೇವೆ: +12. ಆಮೇಲೆ 2 ಓಮ್ ರೋಧಕ: −2I. ಬಲ ಬದಿಯಲ್ಲಿ ಕೆಳಗಿಳಿಯುವಾಗ 6 ವೋಲ್ಟ್ ಬ್ಯಾಟರಿಯ ಧನಾಗ್ರ ಮೊದಲು ಎದುರಾಗುತ್ತದೆ: −6. ಕೊನೆಗೆ 1 ಓಮ್ ರೋಧಕ: −I. ಇವೆಲ್ಲದರ ಮೊತ್ತ ಸೊನ್ನೆ:

12 − 2I − 6 − I = 0

ಅಂದರೆ 3I = 6, I = 2 ಆಂಪಿಯರ್. ಬ್ಯಾಟರಿಗಳು ಒಂದಕ್ಕೊಂದು ಎದುರಾಗಿ ನಿಂತಿರುವುದರಿಂದ ವೋಲ್ಟೇಜುಗಳು ಕಳೆದುಕೊಂಡವು. ಅದನ್ನು ಮೊದಲೇ ಊಹಿಸುವ ಅಗತ್ಯ ಬೀಳಲಿಲ್ಲ. ಚಿಹ್ನೆಗಳೇ ಅದನ್ನು ಹೇಳಿದವು.

ಉತ್ತರ ಸರಿಯೇ ಎಂದು ನೋಡಲು ಎರಡು ದಾರಿಗಳಿವೆ. ಒಂದು, ಸುತ್ತಿನ ಉದ್ದಕ್ಕೂ ವೋಲ್ಟೇಜು ಬರೆದು ನೋಡುವುದು. ‘ಘ’ ಬಿಂದುವನ್ನು 0 ಎಂದಿಟ್ಟುಕೊಂಡರೆ ‘ಕ’ 12 ವೋಲ್ಟ್. 2 ಓಮ್ ರೋಧಕದಲ್ಲಿ 4 ವೋಲ್ಟ್ ಇಳಿದು ‘ಖ’ 8 ವೋಲ್ಟ್. ಬ್ಯಾಟರಿಯಲ್ಲಿ 6 ಇಳಿದು ‘ಗ’ 2 ವೋಲ್ಟ್. 1 ಓಮ್ ರೋಧಕದಲ್ಲಿ 2 ಇಳಿದು ಮತ್ತೆ 0. ಇನ್ನೊಂದು, ಶಕ್ತಿಯ ಲೆಕ್ಕ. ದೊಡ್ಡ ಬ್ಯಾಟರಿ ಕೊಡುವುದು 12 × 2 = 24 ವ್ಯಾಟ್. ಅದರಲ್ಲಿ 8 ಮತ್ತು 4 ವ್ಯಾಟ್ ರೋಧಕಗಳಲ್ಲಿ ಬಿಸಿಯಾಗಿ ಹೋಗುತ್ತವೆ. ಉಳಿದ 12 ವ್ಯಾಟ್ ಚಿಕ್ಕ ಬ್ಯಾಟರಿಗೆ ಸೇರುತ್ತದೆ. ಕರೆಂಟು ಅದರ ಧನಾಗ್ರದಿಂದ ಒಳಹೊಕ್ಕು ಋಣಾಗ್ರದಿಂದ ಹೊರಬರುತ್ತಿದೆ. ಚಾರ್ಜ್ ಆಗುವುದೆಂದರೆ ಇದೇ.

ಕರೆಂಟು ಅಪ್ರದಕ್ಷಿಣವಾಗಿ ಹರಿಯುತ್ತದೆ ಎಂದು ಊಹಿಸಿದ್ದರೆ? ಲೆಕ್ಕದ ದಿಕ್ಕು ಹಾಗೇ ಇದ್ದರೆ ಎರಡೂ ರೋಧಕಗಳನ್ನು ಕರೆಂಟಿಗೆ ಎದುರಾಗಿ ದಾಟಬೇಕಾಗುತ್ತದೆ. ಬ್ಯಾಟರಿಗಳ ಚಿಹ್ನೆ ಬದಲಾಗುವುದಿಲ್ಲ:

12 + 2I − 6 + I = 0

ಇದರಿಂದ I = −2. ಪ್ರಮಾಣ ಅದೇ; ನಿಜವಾದ ದಿಕ್ಕು ಊಹೆಗೆ ವಿರುದ್ಧವಾಗಿದೆ ಎಂಬುದನ್ನು ಋಣ ಚಿಹ್ನೆ ತಿಳಿಸುತ್ತದೆ. ಇದು ತಪ್ಪು ಉತ್ತರವಲ್ಲ. ಲೆಕ್ಕದ ನಡುವೆ ಊಹೆಯನ್ನು ಬದಲಿಸುವುದು ಮಾತ್ರ ತಪ್ಪು. ಹಾಗೆ ಮಾಡಿದರೆ ಅರ್ಧ ಸಮೀಕರಣ ಒಂದು ದಿಕ್ಕಿನದು, ಇನ್ನರ್ಧ ಇನ್ನೊಂದು ದಿಕ್ಕಿನದು ಆಗುತ್ತದೆ.

ಇನ್ನು 6 ವೋಲ್ಟ್ ಬ್ಯಾಟರಿಯನ್ನು ತಿರುಗಿಸಿ ಜೋಡಿಸಿದರೆ ಏನಾಗುತ್ತದೆ? ಈಗ ಪ್ರದಕ್ಷಿಣವಾಗಿ ಸಾಗುವಾಗ ಮೊದಲು ಅದರ ಋಣಾಗ್ರ ಸಿಗುತ್ತದೆ. ಸಮೀಕರಣದಲ್ಲಿ ಬದಲಾಗುವುದು ಒಂದೇ ಚಿಹ್ನೆ:

12 − 2I + 6 − I = 0

ಈಗ I = 6 ಆಂಪಿಯರ್, ಮೊದಲಿನ ಮೂರು ಪಟ್ಟು. ರೋಧಕದ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ 2 ಓಮ್ ರೋಧಕದಲ್ಲಿ 8 ವ್ಯಾಟ್ ಇದ್ದದ್ದು 72 ವ್ಯಾಟ್ ಆಗುತ್ತದೆ. 10 ವ್ಯಾಟ್ ತಡೆಯುವ ರೋಧಕ ಹಾಕಿದ್ದರೆ ಅದು ಸುಟ್ಟುಹೋಗುತ್ತದೆ. ಚಿಕ್ಕ ಬ್ಯಾಟರಿ ಚಾರ್ಜ್ ಆಗುವ ಬದಲು ಬರಿದಾಗುತ್ತದೆ.

ನಿಜವಾದ ಬ್ಯಾಟರಿಯ ಲೆಕ್ಕದಲ್ಲಿ ಎರಡು ಸಂಗತಿಗಳು ಸೇರಿಕೊಳ್ಳುತ್ತವೆ. ಪ್ರತಿ ಬ್ಯಾಟರಿಗೂ ತನ್ನದೇ ಒಳರೋಧವಿದೆ. ಅದನ್ನು ಸುತ್ತಿನಲ್ಲಿರುವ ಇನ್ನೊಂದು ರೋಧಕವೆಂದು ಎಣಿಸಿ ಸಮೀಕರಣಕ್ಕೆ ಸೇರಿಸಬೇಕು. ಜೊತೆಗೆ, ಚಾರ್ಜ್ ಏರಿದಂತೆ ಚಿಕ್ಕ ಬ್ಯಾಟರಿಯ ವೋಲ್ಟೇಜೂ ಏರುತ್ತದೆ. ಅದು 6ರಿಂದ 6.9 ವೋಲ್ಟ್‌ಗೆ ಏರಿದರೆ ಕರೆಂಟು 2ರಿಂದ 1.7 ಆಂಪಿಯರ್‌ಗೆ ಇಳಿಯುತ್ತದೆ. ಆಗಲೂ ಸಮೀಕರಣದ ರೂಪ ಅದೇ ಆಗಿರುತ್ತದೆ. ಬದಲಾಗುವುದು ಅದರೊಳಗಿನ ಅಂಕಿಗಳು ಮಾತ್ರ.