ಸೊನ್ನೆಗೆ ಗೆರೆ, ಕೊರತೆಗೆ ಕೆಂಪು ಆವರಣ

ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವೊಂದರ ತಿಂಗಳ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಮೊದಲ ಕಾಲಂನಲ್ಲಿ ಖರ್ಚಿನ ಬಾಬತ್ತು, ಎರಡನೆಯದರಲ್ಲಿ ಅಂದಾಜು, ಮೂರನೆಯದರಲ್ಲಿ ನಿಜವಾಗಿ ಆದ ಖರ್ಚು, ಕೊನೆಯದರಲ್ಲಿ ಇವೆರಡರ ವ್ಯತ್ಯಾಸ. ಟ್ಯಾಂಕರ್ ನೀರಿಗೆ 18,000 ರೂಪಾಯಿ ಎಣಿಸಿದ್ದರು, 24,500 ಆಯಿತು, ವ್ಯತ್ಯಾಸ -6500. ಲಿಫ್ಟ್ ನಿರ್ವಹಣೆಗೆ ಎಣಿಸಿದ 9,000, ಕಾವಲುಗಾರನ ಸಂಬಳದ 32,000 ಎರಡೂ ಅಷ್ಟಕ್ಕಷ್ಟೇ ಆದವು, ಅಲ್ಲಿ 0. ಕರೆಂಟಿಗೆ 14,000 ಇಟ್ಟಿದ್ದರು, 11,750 ಆಗಿ 2250 ಉಳಿಯಿತು. ಜನರೇಟರ್ ಡೀಸೆಲ್‌ಗೆ ಇಟ್ಟ 6,000 ಮುಟ್ಟಲೇ ಇಲ್ಲ. ಒಟ್ಟಿನಲ್ಲಿ 1750 ಉಳಿತಾಯ.

ಲೆಕ್ಕ ಸರಿಯಾಗಿದೆ. ಆದರೆ ಸಭೆಯಲ್ಲಿ ಹಾಳೆ ಕೈಗೆ ಬಂದವರಿಗೆ ಕೊನೆಯ ಕಾಲಂ ಬೇಗ ಅರ್ಥವಾಗುವುದಿಲ್ಲ. -6500 ರ ಮುಂದಿನ ಚಿಕ್ಕ ಗೆರೆ ಕಣ್ಣು ತಪ್ಪಿಸಿಕೊಳ್ಳುತ್ತದೆ. ಏನೂ ಹೇಳದ ಸೊನ್ನೆಗಳು ಮಾತ್ರ ಉಳಿದ ಅಂಕಿಗಳಷ್ಟೇ ಜಾಗ ಹಿಡಿದು ಕೂತಿವೆ. ಎಲ್ಲಿ ಕೈ ಮೀರಿತು ಎಂಬುದೊಂದೇ ಅವರಿಗೆ ಬೇಕಾದದ್ದು, ಅದನ್ನು ಅವರು ಹುಡುಕಬೇಕಾಗಿದೆ.

ಲೆಕ್ಕಪತ್ರ ಬರೆಯುವವರಲ್ಲಿ ಇದಕ್ಕೊಂದು ಹಳೆಯ ರೂಢಿ ಇದೆ. ಕೊರತೆಯ ಮೊತ್ತವನ್ನು ಆವರಣದೊಳಗೆ ಕೆಂಪಿನಲ್ಲಿ ಬರೆಯುವುದು, ಸೊನ್ನೆ ಬರುವಲ್ಲಿ ಗೆರೆ ಎಳೆಯುವುದು. ಇದನ್ನು ಎಕ್ಸೆಲ್‌ನಲ್ಲಿ ಮಾಡಲು ಹೋಗಿ ಅನೇಕರು ಸೊನ್ನೆಯನ್ನು ಅಳಿಸಿ, ಕೈಯಾರೆ ಒಂದು ಗೆರೆ ಒತ್ತುತ್ತಾರೆ. ನೋಡಲು ಚೆಂದವೇ. ಆದರೆ ಆ ಮನೆಯಲ್ಲಿ ಈಗ ಇರುವುದು ಸಂಖ್ಯೆಯಲ್ಲ, ಅಕ್ಷರ. ಟ್ಯಾಂಕರ್ ನೀರಿನ ಖರ್ಚು ನಾಲ್ಕು ತಿಂಗಳಲ್ಲಿ 24,500, 21,500, 0 ಮತ್ತು 14,000 ಆಗಿದ್ದರೆ ಸರಾಸರಿ 15,000. ಸೊನ್ನೆಯ ಜಾಗದಲ್ಲಿ ಗೆರೆ ಒತ್ತಿದ್ದರೆ `AVERAGE` ಅದನ್ನು ಎಣಿಕೆಗೇ ತೆಗೆದುಕೊಳ್ಳದೆ 60,000 ವನ್ನು ಮೂರರಿಂದ ಭಾಗಿಸಿ 20,000 ಎನ್ನುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಮುಂದಿನ ವರ್ಷದ ಅಂದಾಜನ್ನು ಇದೇ ಸರಾಸರಿಯ ಮೇಲೆ ಕಟ್ಟಿದರೆ ನಿವಾಸಿಗಳು ಸುಮ್ಮನೆ ಹೆಚ್ಚು ಹಣ ಕಟ್ಟುತ್ತಾರೆ. `=B2-C2` ಎಂಬಂಥ ನೇರ ಸೂತ್ರವಾದರೆ `#VALUE!` ಎಂದು ಕೂಗಿಕೊಳ್ಳುತ್ತದೆ. ಅದೇ ವಾಸಿ, ತಪ್ಪು ಆಗಿದೆಯೆಂದಾದರೂ ಗೊತ್ತಾಗುತ್ತದೆ.

ಹಾಗಾಗಿ ಬದಲಾಯಿಸಬೇಕಾದದ್ದು ಮನೆಯೊಳಗಿನ ಬೆಲೆಯನ್ನಲ್ಲ, ಅದು ಕಾಣುವ ಬಗೆಯನ್ನು. ಕೊನೆಯ ಕಾಲಂನ ಮನೆಗಳನ್ನು ಆಯ್ದು `Ctrl+1` ಒತ್ತಿದರೆ `Format Cells` ತೆರೆಯುತ್ತದೆ. `Number` ಪುಟದಲ್ಲಿ `Custom` ಆರಿಸಿ, `Type` ಎಂಬ ಪೆಟ್ಟಿಗೆಯಲ್ಲಿ ಇರುವುದನ್ನು ಅಳಿಸಿ ಹೀಗೆ ಬರೆಯಬೇಕು:

```
#,##0_);[Red](#,##0);"-"_);@_)
```

ಮಂತ್ರದಂತೆ ಕಂಡರೂ ಇದರ ಕಟ್ಟಡ ಸರಳ. ಅರ್ಧವಿರಾಮ ಚಿಹ್ನೆಗಳು ಇದನ್ನು ನಾಲ್ಕು ಭಾಗ ಮಾಡಿವೆ. ಮೊದಲನೆಯದು ಸೊನ್ನೆಗಿಂತ ದೊಡ್ಡ ಸಂಖ್ಯೆಗೆ, ಎರಡನೆಯದು ಸೊನ್ನೆಗಿಂತ ಚಿಕ್ಕದಕ್ಕೆ, ಮೂರನೆಯದು ಸೊನ್ನೆಗೆ, ನಾಲ್ಕನೆಯದು ಅಕ್ಷರಗಳಿಗೆ. ಈ ಸರದಿ ಬದಲಾಗುವುದಿಲ್ಲ. `#,##0` ಎಂದರೆ ಅಂಕಿಗಳ ನಡುವೆ ಅಲ್ಪವಿರಾಮ ಹಾಕು, ಕೊನೆಯ ಪಕ್ಷ ಒಂದು ಅಂಕಿಯನ್ನಾದರೂ ತೋರಿಸು ಎಂದು. ಎರಡನೆಯ ಭಾಗದಲ್ಲಿ ಬಣ್ಣದ ಹೆಸರು ಮೊದಲು ಬರಬೇಕು, ಆಮೇಲೆ ಆವರಣ. ಆ ಭಾಗಕ್ಕೆ ಬಂದ ಸಂಖ್ಯೆಯ ಋಣಚಿಹ್ನೆಯನ್ನು ಎಕ್ಸೆಲ್ ತಾನಾಗಿ ಹಾಕುವುದಿಲ್ಲ. ನಾವು ಬರೆದ ಆವರಣವೇ ಅದರ ಕೆಲಸ ಮಾಡುತ್ತದೆ. ಮೂರನೆಯ ಭಾಗದಲ್ಲಿ ಉದ್ಧರಣ ಚಿಹ್ನೆಯೊಳಗೆ ಏನು ಬರೆದರೆ ಸೊನ್ನೆಯ ಬದಲು ಅದು ಕಾಣುತ್ತದೆ. `@` ಎಂಬುದು ಅಕ್ಷರಗಳನ್ನು ಇದ್ದಂತೆಯೇ ಬಿಡು ಎನ್ನುವ ಗುರುತು.

ಎಲ್ಲರೂ ಬಿಟ್ಟುಬಿಡುವ ತುಣುಕೆಂದರೆ `_)`. ಅಡಿಗೆರೆಯ ನಂತರ ಬರುವ ಚಿಹ್ನೆಯಷ್ಟು ಅಗಲದ ಖಾಲಿ ಜಾಗವನ್ನು ಅದು ಬಿಡುತ್ತದೆ. ಕೊರತೆಯ ಮೊತ್ತದ ಬಲತುದಿಯಲ್ಲಿ ಮುಚ್ಚುವ ಆವರಣ ಇದೆಯಲ್ಲ, ಉಳಿದ ಸಂಖ್ಯೆಗಳ ಬಲಕ್ಕೂ ಅಷ್ಟೇ ಜಾಗ ಬಿಡದಿದ್ದರೆ ಬಿಡಿ ಸ್ಥಾನದ ಅಂಕಿಗಳು ಒಂದರ ಕೆಳಗೊಂದು ನಿಲ್ಲುವುದಿಲ್ಲ. ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿ ಮೊತ್ತ ಹೋಲಿಸುವವರಿಗೆ ಈ ಸಣ್ಣ ಓರೆ ದೊಡ್ಡ ಕಿರಿಕಿರಿ. ಪೈಸೆಯವರೆಗೆ ತೋರಿಸಬೇಕಾದ ಹಾಳೆಯಲ್ಲಿ `0` ಇದ್ದಲ್ಲಿ `0.00` ಎಂದು ಬರೆದು, ಮೂರನೆಯ ಭಾಗವನ್ನು `"-"??_)` ಮಾಡುವುದು ಒಳ್ಳೆಯದು. ಒಂದೊಂದು ಪ್ರಶ್ನಾರ್ಥಕವೂ ಒಂದು ಅಂಕಿಯಷ್ಟು ಜಾಗ ಕಾದಿಡುವುದರಿಂದ ಗೆರೆ ಅಂಚಿಗೆ ಅಂಟಿಕೊಳ್ಳದೆ ರೂಪಾಯಿಯ ಅಂಕಿಗಳ ಕಡೆಗೆ ಸರಿಯುತ್ತದೆ.

ಈಗ ನಮ್ಮ ಕಾಲಂ (6,500) ಎಂದು ಕೆಂಪಿನಲ್ಲಿ, ಆಮೇಲೆ ಎರಡು ಗೆರೆ, 2,250, 6,000 ಮತ್ತು ಒಟ್ಟು 1,750 ಎಂದು ಓದಿಸಿಕೊಳ್ಳುತ್ತದೆ. ಸೂತ್ರದ ಪಟ್ಟಿಯಲ್ಲಿ ಯಾವ ಬದಲಾವಣೆಯೂ ಇಲ್ಲ. ಗೆರೆ ಕಾಣುವ ಮನೆಯಲ್ಲಿ ಸೊನ್ನೆಯೇ ಇದೆ, ಸರಾಸರಿಗೂ ಅದು ಸಿಗುತ್ತದೆ. ಇದರಿಂದ ಓದುವವರಿಗೆ ಇನ್ನೊಂದು ಲಾಭವಿದೆ. ಖಾಲಿ ಮನೆ ಖಾಲಿಯಾಗಿಯೇ ಉಳಿಯುವುದರಿಂದ, ಯಾರೂ ಇನ್ನೂ ತುಂಬದ ಮನೆಗೂ, ತುಂಬಿ ವ್ಯತ್ಯಾಸವಿಲ್ಲವೆಂದು ತಿಳಿದ ಮನೆಗೂ ಅಂತರ ತೋರುತ್ತದೆ. ಲೆಕ್ಕ ಪರಿಶೀಲಿಸುವವರಿಗೆ ಈ ಅಂತರ ಬಹಳ ಮುಖ್ಯ.

ಬಣ್ಣವೊಂದೇ ಸಾಲದೇ, ಆವರಣ ಬೇರೆ ಯಾಕೆ ಎಂದು ಕೇಳುವವರಿದ್ದಾರೆ. ಸಂಘದ ಹಾಳೆ ಸಾಮಾನ್ಯವಾಗಿ ಕಪ್ಪುಬಿಳುಪಿನಲ್ಲಿ ಮುದ್ರಣವಾಗುತ್ತದೆ, ಆಮೇಲೆ ಝೆರಾಕ್ಸ್ ಆಗುತ್ತದೆ. ಅಲ್ಲಿ ಕೆಂಪು ಬರೀ ಬೂದು. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣುಗಳೂ ಇವೆ. ಆವರಣ ಎಲ್ಲಿ ಹೋದರೂ ಉಳಿಯುತ್ತದೆ; ಕೆಂಪು ಪರದೆಯ ಮೇಲೆ ಅದನ್ನು ಬೇಗ ಹಿಡಿಸುತ್ತದೆ. ನನ್ನ ಮಟ್ಟಿಗೆ `[Red]` ಕೊಡುವ ಅಪ್ಪಟ ಕೆಂಪು ಬಿಳಿ ಹಾಳೆಯ ಮೇಲೆ ತುಸು ಕಣ್ಣಿಗೆ ಚುಚ್ಚುತ್ತದೆ; ಅದರ ಬದಲು `[Color9]` ಎಂದರೆ ಗಾಢ ಕೆಂಪು ಬರುತ್ತದೆ, ಅದು ಓದಲು ಹಿತ.

ಇಷ್ಟು ಮಾಡಿದ ಮೇಲೆ ಒಂದು ದಿನ ಕಾಲಂನಲ್ಲಿ ಕೆಂಪು (0) ಕಾಣಿಸಿಕೊಳ್ಳುತ್ತದೆ. ಸೊನ್ನೆಗೆ ಗೆರೆ ಬರಬೇಕಿತ್ತು, ಕೊರತೆಯ ಸೊನ್ನೆ ಎಂದರೇನು ಎಂದು ಗಾಬರಿಯಾಗುವುದು ಸಹಜ. ಯಾವ ಭಾಗ ಅನ್ವಯಿಸಬೇಕೆಂದು ಎಕ್ಸೆಲ್ ತೀರ್ಮಾನಿಸುವುದು ಮನೆಯೊಳಗಿನ ನಿಜವಾದ ಬೆಲೆಯನ್ನು ನೋಡಿ; ಅಂಕಿಗಳನ್ನು ಪೂರ್ಣಾಂಕಕ್ಕೆ ಇಳಿಸುವುದು ಆಮೇಲೆ. ಕರೆಂಟಿಗೆ 11,750 ಎಣಿಸಿ ಬಿಲ್ಲು 11,750.40 ಬಂದಿದ್ದರೆ ವ್ಯತ್ಯಾಸ -0.40. ಅದು ಸೊನ್ನೆಗಿಂತ ಚಿಕ್ಕದು, ಹಾಗಾಗಿ ಎರಡನೆಯ ಭಾಗಕ್ಕೆ ಹೋಗುತ್ತದೆ, ಅಲ್ಲಿ ಪೈಸೆಗೆ ಜಾಗವಿಲ್ಲದೆ (0) ಆಗುತ್ತದೆ. ಇಲ್ಲಿ ಎಕ್ಸೆಲ್ ಸುಳ್ಳು ಹೇಳುತ್ತಿಲ್ಲ. ನಲವತ್ತು ಪೈಸೆ ಹೆಚ್ಚಾಗಿದೆ ಎಂಬುದನ್ನು ತನಗೆ ಕೊಟ್ಟ ಜಾಗದಲ್ಲಿ ಹೇಳುತ್ತಿದೆ. ಇಂಥ ಹಲವು ಪೈಸೆಗಳು ಸೇರಿದಾಗ ಕಾಣುವ ಅಂಕಿಗಳ ಮೊತ್ತಕ್ಕೂ ಕೆಳಗಿನ ಒಟ್ಟಿಗೂ ಒಂದು ರೂಪಾಯಿ ತಾಳೆಯಾಗದಿರಬಹುದು. ಆಗ ಪೈಸೆಯನ್ನೂ ತೋರಿಸುವುದು ಒಳ್ಳೆಯದು.

ಇನ್ನೊಂದು ಬಗೆಯ (0) ನಿಜಕ್ಕೂ ಬರಿ ನೆರಳು. ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ ನಮ್ಮ ಹತ್ತು ಪೈಸೆ, ನಲವತ್ತು ಪೈಸೆಗಳು ಅದಕ್ಕೆ ಕರಾರುವಾಕ್ಕಾಗಿ ದಕ್ಕುವುದಿಲ್ಲ. ಖಾಲಿ ಮನೆಯೊಂದರಲ್ಲಿ `=1*(0.5-0.4-0.1)` ಎಂದು ಬರೆದು ನೋಡಿ. ಉತ್ತರ ಸೊನ್ನೆಯಾಗಬೇಕು, ಎಕ್ಸೆಲ್ ಕೊಡುವುದು `-2.78E-17`, ಅಂದರೆ ದಶಮಾಂಶ ಬಿಂದುವಿನ ನಂತರ ಹದಿನಾರು ಸೊನ್ನೆ ದಾಟಿ ಸಿಗುವ ಋಣ ಚೂರು. ನಮ್ಮ ರೂಪಕ್ಕೆ ಇಳಿಸಿದರೆ ಅದೂ ಕೆಂಪು (0). ಎರಡರಲ್ಲಿ ಯಾವುದೆಂದು ತಿಳಿಯಲು ಆ ಮನೆಯ ರೂಪವನ್ನು ತಾತ್ಕಾಲಿಕವಾಗಿ `General` ಮಾಡಿದರೆ ಸಾಕು. -0.4 ಕಂಡರೆ ನಿಜವಾದ ಪೈಸೆ, `E-17` ಥರದ್ದು ಕಂಡರೆ ನೆರಳು. ನೆರಳನ್ನು ತೆಗೆಯುವುದು ರೂಪದ ಕೆಲಸವಲ್ಲ, ಸೂತ್ರದ ಕೆಲಸ:

```
=ROUND(B2-C2,2)
```

ಹೀಗೆ ಎರಡು ಸ್ಥಾನಕ್ಕೆ ಸರಿಪಡಿಸಿದರೆ ಸೊನ್ನೆ ಸೊನ್ನೆಯೇ ಆಗಿ ಗೆರೆ ಬೀಳುತ್ತದೆ; ನಲವತ್ತು ಪೈಸೆ ಇದ್ದರೆ ಅದೂ ಹಾಗೇ ಉಳಿಯುತ್ತದೆ. (0) ಕಾಣಿಸಬಾರದೆಂದು `ROUND` ನ ಕೊನೆಯ 2 ನ್ನು 0 ಮಾಡುವವರು ನಿಜವಾದ ಪೈಸೆಯನ್ನೂ ಅಳಿಸಿಬಿಡುತ್ತಾರೆ. ಅದನ್ನು ಮಾಡುವ ಮುಂಚೆ ಯೋಚಿಸಬೇಕು.

ನಮ್ಮವರಿಗೆ ಮಾತ್ರ ಬರುವ ತೊಡಕೊಂದಿದೆ. ಸಂಘದ ಮೂಲನಿಧಿ 12,34,567 ಎಂದು ಕಾಣಬೇಕಾದಲ್ಲಿ 1,234,567 ಎಂದು ಕಾಣುತ್ತದೆ. ಲಕ್ಷ ಕೋಟಿಗಳ ಅಲ್ಪವಿರಾಮಕ್ಕೆ ಕೈಯಿಂದ ಕೈಗೆ ಹರಿದಾಡುವ ರೂಪವೊಂದಿದೆ:

```
[>=10000000]##\,##\,##\,##0;[>=100000]##\,##\,##0;##,##0
```

ಇದು ಕೆಲಸ ಮಾಡುತ್ತದೆ, ಆದರೆ ಒಂದು ರೂಪದಲ್ಲಿ ನಾವು ಎರಡೇ ಷರತ್ತು ಹಾಕಬಹುದು, ಮೂರನೆಯ ಭಾಗ ಉಳಿದದ್ದಕ್ಕೆಲ್ಲ. ಇಲ್ಲಿ ಕೋಟಿಗೊಂದು, ಲಕ್ಷಕ್ಕೊಂದು ಷರತ್ತು ಖರ್ಚಾಗಿಹೋಯಿತು. ಕೊರತೆಗೂ ಸೊನ್ನೆಗೂ ಜಾಗವೇ ಇಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ತುರುಕಲು ಹೊರಟು ಸೋಲುವುದಕ್ಕಿಂತ ಅಲ್ಪವಿರಾಮದ ಹೊಣೆಯನ್ನು ವಿಂಡೋಸ್‌ಗೆ ಬಿಡುವುದು ಜಾಣತನ. ಕಂಟ್ರೋಲ್ ಪ್ಯಾನೆಲ್‌ನ `Region` ನಲ್ಲಿ `Additional settings` ತೆರೆದು `Digit grouping` ಅನ್ನು `12,34,56,789` ಎಂದು ಆರಿಸಿ ಎಕ್ಸೆಲ್ ಮತ್ತೆ ತೆರೆದರೆ, ಸಾದಾ `#,##0` ತಾನಾಗಿ ಲಕ್ಷದ ಲೆಕ್ಕ ಹಿಡಿಯುತ್ತದೆ. ನಾಲ್ಕು ಭಾಗಗಳೂ ನಮಗೇ ಉಳಿಯುತ್ತವೆ. ಈ ಏರ್ಪಾಡು ಆಯಾ ಕಂಪ್ಯೂಟರಿಗೆ ಸೇರಿದ್ದು, ಕಡತಕ್ಕಲ್ಲ. ಅಮೆರಿಕದಲ್ಲಿರುವ ಫ್ಲಾಟಿನ ಮಾಲೀಕರೊಬ್ಬರು ಅದೇ ಕಡತ ತೆರೆದರೆ ಅಲ್ಲಿನ ರೀತಿಯಲ್ಲೇ 1,234,567 ನೋಡುತ್ತಾರೆ. ಅವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿದರೆ ಆಯಿತು.

ಹಾಳೆಯನ್ನು ಸಿಎಸ್‌ವಿ ಕಡತವಾಗಿ ಉಳಿಸುವಾಗ ಮಾತ್ರ ಈ ಅಲಂಕಾರ ಕೈಕೊಡುತ್ತದೆ. ಎಕ್ಸೆಲ್ ಸಿಎಸ್‌ವಿಗೆ ಬರೆಯುವುದು ಒಳಗಿನ ಬೆಲೆಯನ್ನಲ್ಲ, ಪರದೆಯ ಮೇಲೆ ಕಾಣುವುದನ್ನು. ಬಣ್ಣ ಬಿದ್ದುಹೋಗುತ್ತದೆ, -6500 ಎಂಬುದು (6,500) ಎಂಬ ಅಕ್ಷರಗಳಾಗಿ, ಸೊನ್ನೆ ಬರೀ ಗೆರೆಯಾಗಿ ಕಡತ ಸೇರುತ್ತವೆ. ಅದನ್ನು ಓದಬೇಕಾದ ಲೆಕ್ಕದ ತಂತ್ರಾಂಶಕ್ಕೆ ಆ ಗೆರೆ ಸಂಖ್ಯೆಯಲ್ಲ. ಸಾಲನ್ನೇ ತಿರಸ್ಕರಿಸಬಹುದು, ಇಲ್ಲವೇ ಖಾಲಿಯೆಂದು ಬಗೆಯಬಹುದು. ಪೈಸೆ ತೋರಿಸದ ರೂಪವಾಗಿದ್ದರೆ ನಲವತ್ತು ಪೈಸೆಯೂ ಅಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಹಾಳೆಯ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ಸಂಖ್ಯೆಯ ಕಾಲಂಗಳನ್ನೆಲ್ಲ `General` ಗೆ ತಿರುಗಿಸಿ, ಆ ಪ್ರತಿಯನ್ನು ಸಿಎಸ್‌ವಿ ಮಾಡಬೇಕು. ಉಳಿಸಿದ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ನೋಡಿದರೆ ತಪ್ಪು ಗೊತ್ತಾಗುವುದಿಲ್ಲ, ಏಕೆಂದರೆ (6,500) ಕಂಡ ಕೂಡಲೇ ಎಕ್ಸೆಲ್ ಅದನ್ನು ಮತ್ತೆ -6500 ಮಾಡಿಕೊಳ್ಳುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು, ಆವರಣವಾಗಲಿ ಒಂಟಿ ಗೆರೆಯಾಗಲಿ ಉಳಿದಿದೆಯೇ ಎಂದು ನೋಡಿಯೇ ಮುಂದಕ್ಕೆ ಕಳಿಸಬೇಕು.