ಐದು ಸೆಕೆಂಡಿನ ಇಂಟ್ರೊ, ಇಪ್ಪತ್ತು ಸೆಕೆಂಡಿನ ಔಟ್ರೊ

ವಾರಕ್ಕೊಂದು ವಿಡಿಯೋ ಹಾಕುವ ಯೂಟ್ಯೂಬ್ ಚಾನೆಲ್‌ನಲ್ಲಿ ಶುರುವಿನ ಲೋಗೋ, ಹೆಸರು, ಸಂಗೀತ ಮತ್ತು ಕೊನೆಯ ‘ಮುಂದಿನ ವಾರ ಸಿಗೋಣ’ ಬದಲಾಗುವುದಿಲ್ಲ. ಬದಲಾಗುವುದು ಆ ವಾರದ ವಿಷಯದ ಹೆಸರು ಮಾತ್ರ. ಹಾಗಿದ್ದರೂ ಬಹಳಷ್ಟು ಮಂದಿ ಪ್ರತಿ ವಾರ ಇದನ್ನೆಲ್ಲ ಮೊದಲಿನಿಂದ ಜೋಡಿಸುತ್ತಾರೆ. ಒಂದು ವಾರ ಲೋಗೋ ದೊಡ್ಡದು, ಇನ್ನೊಂದು ವಾರ ಚಿಕ್ಕದು. ಒಮ್ಮೆ ಸಂಗೀತ ಕಿವಿಗೆ ಬಡಿಯುತ್ತದೆ, ಒಮ್ಮೆ ಕೇಳಿಸುವುದೇ ಇಲ್ಲ. ಒಮ್ಮೆ ಕೂತು ಟೆಂಪ್ಲೇಟ್ ಮಾಡಿಟ್ಟುಕೊಂಡರೆ ಈ ತಾಪತ್ರಯ ಇರುವುದಿಲ್ಲ.

ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಪ್ರತಿ ಭಾನುವಾರ ತೋಟದ ವಿಡಿಯೋ ಹಾಕುತ್ತಾರೆ ಎಂದಿಟ್ಟುಕೊಳ್ಳೋಣ. ಅವರ ಹತ್ತಿರ ವಿಸಿಟಿಂಗ್ ಕಾರ್ಡಿಗೆಂದು ಮಾಡಿಸಿದ ಲೋಗೋ ಇದೆ, ಫೋನಿನಲ್ಲಿ ತೆಗೆದ ತೋಟದ ಫೋಟೊಗಳಿವೆ. ಇಷ್ಟು ಸಾಕು.

ಮೊದಲ ತೊಡಕು ಲೋಗೋದ್ದೇ. ಪ್ರೆಸ್ಸಿನವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಜೆಪೆಗ್ ಕಡತದಲ್ಲಿ ಲೋಗೋದ ಸುತ್ತ ಬಿಳಿ ಚೌಕ ಇರುತ್ತದೆ. ಹಸಿರು ತೋಟದ ಫೋಟೊ ಮೇಲೆ ಇಟ್ಟರೆ ಸ್ಟಿಕರ್ ಅಂಟಿಸಿದಂತೆ ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಪ್ರೆಸ್‌ಗಳು ವಿನ್ಯಾಸ ಮಾಡುವುದು ಕೋರಲ್‌ಡ್ರಾದಲ್ಲಿ. ಆದ್ದರಿಂದ ಮೂಲ ಕಡತ ಅವರ ಕಂಪ್ಯೂಟರಿನಲ್ಲಿದ್ದರೆ ಅದರಿಂದ ಎಸ್‌ವಿಜಿ ಅಥವಾ ಹಿನ್ನೆಲೆಯಿಲ್ಲದ ಪಿಎನ್‌ಜಿ ಕೊಡಿ ಎಂದು ಕೇಳಬೇಕು. ಬಣ್ಣ ಆರ್‌ಜಿಬಿಯಲ್ಲಿರಲಿ ಎಂದೂ ಹೇಳಬೇಕು; ಮುದ್ರಣಕ್ಕೆ ಹೊಂದಿಸಿದ ಹಸಿರು ಪರದೆಯ ಮೇಲೆ ಮಂಕಾಗಿ ಕಾಣಬಹುದು. ಮೂಲ ಕಡತ ಕಳೆದುಹೋಗಿದ್ದರೆ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ‘Trace Bitmap’ ಎಂಬ ಆಯ್ಕೆಯಿದೆ. ಎರಡು-ಮೂರು ಬಣ್ಣದ ಸರಳ ಲೋಗೋಗಳನ್ನು ಅದು ಚೆನ್ನಾಗಿಯೇ ಮರಳಿ ರೇಖಿಸುತ್ತದೆ. ನೆರಳು, ಹೊಳಪು ತುಂಬಿದ ಲೋಗೋ ಆದರೆ ಕಲಸಿಹೋಗುತ್ತದೆ. ಸಿಕ್ಕಿದ ಲೋಗೋವನ್ನು ಒಮ್ಮೆ ಕಪ್ಪು ಹಿನ್ನೆಲೆಯ ಮೇಲೆ ಇಟ್ಟು ನೋಡಿ. ಅಂಚಿನಲ್ಲಿ ಬಿಳಿ ಗೆರೆ ಉಳಿದಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಫೋಟೊ ವಿಷಯದಲ್ಲಿ ಅಳತೆ ನೋಡಬೇಕು. ಸಾಮಾನ್ಯ ಫುಲ್ ಎಚ್‌ಡಿ ವಿಡಿಯೋದ ಚೌಕಟ್ಟು 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ. ಫೋನಿನ ಅಡ್ಡ ಫೋಟೊ 4000 ಅಗಲ, 3000 ಎತ್ತರ ಇದ್ದರೆ ವಿಡಿಯೋ ಆಕಾರಕ್ಕೆ ಕತ್ತರಿಸಿದ ಮೇಲೂ 4000 ಅಗಲ, 2250 ಎತ್ತರ ಉಳಿಯುತ್ತದೆ. ಚೌಕಟ್ಟಿನ ಎರಡರಷ್ಟು ಇರುವುದರಿಂದ ನಿಧಾನವಾಗಿ ಝೂಮ್ ಮಾಡಿದರೂ ಮಸುಕಾಗದು. ಅದೇ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಹೋಗಿ ಬಂದರೆ ಕುಗ್ಗಿರುತ್ತದೆ, ಹಿಗ್ಗಿಸಿದಾಗ ಒಡೆದು ಕಾಣುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಅಳತೆ ಉಳಿಯುತ್ತದೆ. ಉದ್ದುದ್ದ ಹಿಡಿದು ತೆಗೆದ ಫೋಟೊಗಳನ್ನು ಬಿಟ್ಟುಬಿಡುವುದೇ ಒಳ್ಳೆಯದು. ಅಡ್ಡ ಚೌಕಟ್ಟಿಗೆ ಕತ್ತರಿಸುವಾಗ ಅವುಗಳ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುತ್ತದೆ. ಅಡಿಕೆ ಮರದ ಕಾಂಡ ಉಳಿದು ಗೊನೆಯೇ ಮಾಯವಾಗಬಹುದು.

ಇಂಟ್ರೊ ಐದು ಸೆಕೆಂಡು ಮೀರಬೇಕಿಲ್ಲ. ತೋಟದ ಎರಡು ಫೋಟೊ, ತಲಾ ಒಂದು ಸೆಕೆಂಡು. ಪ್ರತಿ ಫೋಟೊ ನೂರಕ್ಕೆ ನೂರರಿಂದ ನೂರೆಂಟರವರೆಗೆ ಹಿಗ್ಗಿದರೆ ಸಾಕು, ಸ್ಥಿರಚಿತ್ರಕ್ಕೆ ಉಸಿರು ಬಂದಂತಾಗುತ್ತದೆ. ಉಳಿದ ಮೂರು ಸೆಕೆಂಡು ಲೋಗೋ, ಅದರ ಕೆಳಗೆ ಆ ವಾರದ ವಿಷಯ. ವಿಷಯಕ್ಕೆ ಹೆಚ್ಚು ಹೊತ್ತು ಕೊಡುವುದು ಏಕೆಂದರೆ ಓದಬೇಕಾದ್ದು ಅದೊಂದೇ. ಇಂಟ್ರೊವನ್ನು ವಿಡಿಯೋದ ತೀರಾ ಮೊದಲಿಗೆ ಇಡಬೇಕೆಂದಿಲ್ಲ. ‘ಈ ಕಾಯಿ ಯಾಕೆ ಉದುರಿತು ನೋಡಿ’ ಎಂದು ಹತ್ತು ಸೆಕೆಂಡು ಮಾತಾಡಿ ಆಮೇಲೆ ಇಂಟ್ರೊ ಬಂದರೆ ನೋಡುಗರು ನಿಲ್ಲುವ ಸಾಧ್ಯತೆ ಹೆಚ್ಚು. ಯೂಟ್ಯೂಬ್ ಸ್ಟುಡಿಯೋದಲ್ಲಿ ವಿಡಿಯೋವನ್ನು ಎಷ್ಟು ಜನ ಎಲ್ಲಿವರೆಗೆ ನೋಡಿದರು ಎಂಬ ಗ್ರಾಫ್ ಸಿಗುತ್ತದೆ. ಇಂಟ್ರೊ ಇರುವ ಜಾಗದಲ್ಲಿ ಗೆರೆ ದಢಕ್ಕನೆ ಇಳಿದಿದ್ದರೆ ಅದು ಉದ್ದವಾಯಿತು ಎಂದೇ ಅರ್ಥ.

ಕನ್ನಡದಲ್ಲಿ ಶೀರ್ಷಿಕೆ ಹಾಕುವಾಗ ಇನ್ನೊಂದು ಪರೀಕ್ಷೆ ಇದೆ. ಕೆಲವು ಎಡಿಟಿಂಗ್ ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಡಿಯಾಗುತ್ತದೆ, ಅರ್ಕಾವೊತ್ತು ಜಾಗ ತಪ್ಪುತ್ತದೆ. ‘ಕೊಳೆರೋಗಕ್ಕೆ ಬೋರ್ಡೋ ದ್ರಾವಣ’ ಎಂದು ಟೈಪ್ ಮಾಡಿದರೆ ಎರಡೂ ಒಟ್ಟಿಗೆ ತಿಳಿಯುತ್ತದೆ. ಒಡೆದರೆ ಶೀರ್ಷಿಕೆಯನ್ನು ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟ್‌ನಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿಯಾಗಿ ತರಬಹುದು. ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲಿ ಇನ್ನೂ ಸುಲಭದ ದಾರಿ ಇದೆ. ಶೀರ್ಷಿಕೆ ವಿನ್ಯಾಸ ಮಾಡುವಾಗ ವಿಷಯ ಬರಬೇಕಾದ ಜಾಗದಲ್ಲಿ `%s` ಎಂದು ಬರೆದು ಉಳಿಸಿಟ್ಟರೆ ಅದು ಅಚ್ಚಾಗುತ್ತದೆ. ಪ್ರತಿ ವಾರ ಹೊಸ ಸಾಲನ್ನು ಕೊಟ್ಟರೆ ಅಕ್ಷರದ ಗಾತ್ರ, ಬಣ್ಣ ಅಲುಗದೆ ಮಾತು ಮಾತ್ರ ಬದಲಾಗುತ್ತದೆ. ನಿಮ್ಮ ಅತಿ ಉದ್ದದ ಶೀರ್ಷಿಕೆಯನ್ನೂ ‘ಮೆಣಸಿನ ಬಳ್ಳಿ’ಯಂಥ ಚುಟುಕನ್ನೂ ಹಾಕಿ ನೋಡಿ, ಎರಡೂ ಚೌಕಟ್ಟಿನೊಳಗೆ ಚೆಂದವಾಗಿ ಕೂತರೆ ಟೆಂಪ್ಲೇಟ್ ಪಾಸಾದಂತೆ.

ಔಟ್ರೊದ ಲೆಕ್ಕವೇ ಬೇರೆ, ಅದರ ಅಳತೆಯನ್ನು ಯೂಟ್ಯೂಬೇ ಹೇಳುತ್ತದೆ. ಕೊನೆಯಲ್ಲಿ ಒತ್ತಬಹುದಾದ ವಿಡಿಯೋ ಚೌಕ, ಸಬ್‌ಸ್ಕ್ರೈಬ್ ವೃತ್ತ ಮುಂತಾದ ಎಂಡ್ ಸ್ಕ್ರೀನ್ ಅಂಶಗಳನ್ನು ಕೊನೆಯ 5ರಿಂದ 20 ಸೆಕೆಂಡುಗಳಲ್ಲಿ ಮಾತ್ರ ಇಡಬಹುದು. ವಿಡಿಯೋ ಕನಿಷ್ಠ 25 ಸೆಕೆಂಡು ಇರಬೇಕು. ಅಡ್ಡ ವಿಡಿಯೋದಲ್ಲಿ ನಾಲ್ಕು ಅಂಶಗಳವರೆಗೆ ಅವಕಾಶವಿದ್ದರೂ ಎರಡು ಸಾಕು. ಹಾಗಾಗಿ 20 ಸೆಕೆಂಡಿನ ಹಿನ್ನೆಲೆ ಮಾಡಿಕೊಳ್ಳಿ: ತೋಟದ ಒಂದು ಫೋಟೊ, ಸ್ವಲ್ಪ ಕಪ್ಪಾಗಿಸಿ, ಮಸುಕು ಮಾಡಿದ್ದು. ಎಡಗಡೆ ವಿಡಿಯೋ ಚೌಕಕ್ಕೆ, ಬಲಗಡೆ ಸಬ್‌ಸ್ಕ್ರೈಬ್ ವೃತ್ತಕ್ಕೆ ಜಾಗ ಖಾಲಿ ಬಿಡಿ. ಮೇಲುಗಡೆ ‘ಮುಂದಿನ ವಾರ’ದ ಸಾಲು. ಕೆಳ ಅಂಚಿನಲ್ಲಿ ಏನೂ ಬೇಡ, ಅಲ್ಲಿ ಪ್ಲೇಯರಿನ ಪಟ್ಟಿ ಬಂದು ಕೂರುತ್ತದೆ. ಲೋಗೋವನ್ನು ನಡುವೆ ದೊಡ್ಡದಾಗಿ ಇಟ್ಟುಬಿಟ್ಟರೆ ಅದರ ಮೇಲೇ ಈ ಚೌಕಗಳು ಬೀಳುತ್ತವೆ. ಹಾಗೆಯೇ ಈ 20 ಸೆಕೆಂಡು ಮೌನವಾಗಿ ಹೋಗಬಾರದು. ಮುಂದಿನ ವಾರದ ವಿಷಯ ಹೇಳುವ ಮಾತು ಹಿನ್ನೆಲೆಯಲ್ಲಿ ಸಾಗುತ್ತಿರಲಿ. ಮುಂದಿನ ವಾರ ಎಂಡ್ ಸ್ಕ್ರೀನ್ ಹಾಕುವಾಗ ಯೂಟ್ಯೂಬ್ ಸ್ಟುಡಿಯೋದಲ್ಲಿ ‘Import from video’ ಒತ್ತಿದರೆ ಹಿಂದಿನ ಜೋಡಣೆಯೇ ಬರುತ್ತದೆ. ಹಿನ್ನೆಲೆ ಬದಲಾಗದಿದ್ದರೆ ಮಾತ್ರ ಇದು ಸರಿಯಾಗಿ ಕೂರುತ್ತದೆ. ‘ಮಕ್ಕಳಿಗಾಗಿ ಮಾಡಿದ್ದು’ ಎಂದು ಗುರುತಿಸಿದ ವಿಡಿಯೋಗಳಿಗೆ ಎಂಡ್ ಸ್ಕ್ರೀನ್ ಸಿಗುವುದಿಲ್ಲ.

ಸಂಗೀತಕ್ಕೆ ಸಿನಿಮಾ ಹಾಡಿನ ತುಣುಕು ಬೇಡ. ಟೆಂಪ್ಲೇಟ್‌ನಲ್ಲಿ ಸೇರಿದರೆ ಹಕ್ಕುಸ್ವಾಮ್ಯದ ತಕರಾರು ಒಂದು ವಿಡಿಯೋಗಲ್ಲ, ಪ್ರತಿ ವಾರದ ವಿಡಿಯೋಗೂ ಬರಬಹುದು. ಯೂಟ್ಯೂಬ್ ಆಡಿಯೋ ಲೈಬ್ರರಿಯಲ್ಲಿ ಉಚಿತ ಸಂಗೀತವಿದೆ. ಕೆಲವಕ್ಕೆ ಕಲಾವಿದರ ಹೆಸರನ್ನು ವಿವರಣೆಯಲ್ಲಿ ಹಾಕಬೇಕು ಎಂಬ ಷರತ್ತಿರುತ್ತದೆ, ನೋಡಿಕೊಳ್ಳಿ. ಸಂಗೀತದ ಮಟ್ಟ ಮಾತಿಗಿಂತ ತುಸು ಕೆಳಗಿರಲಿ.

ಎಲ್ಲ ಮುಗಿದ ಮೇಲೆ ಲೋಗೋ, ಫೋಟೊ, ಸಂಗೀತ, ಶೀರ್ಷಿಕೆ, ಎಡಿಟಿಂಗ್ ಪ್ರಾಜೆಕ್ಟ್ ಐದನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಅದರ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿಡಿ. ಆಮೇಲೆ ಆ ಕಡತಗಳ ಹೆಸರು, ಜಾಗ ಬದಲಿಸಬೇಡಿ; ಬದಲಿಸಿದರೆ ತಂತ್ರಾಂಶ ಅವನ್ನು ಹುಡುಕಲಾಗದೆ ಕೈಚೆಲ್ಲುತ್ತದೆ. ಪ್ರತಿ ಭಾನುವಾರ ಮೂಲ ಪ್ರಾಜೆಕ್ಟ್ ತೆರೆದ ಕೂಡಲೇ ಬೇರೆ ಹೆಸರಿನಲ್ಲಿ ಉಳಿಸಿ, ಎರಡು ಸಾಲು ಬದಲಿಸಿ, ನಡುವೆ ಹೊಸ ವಿಡಿಯೋ ಸೇರಿಸಿ. ಮೂಲ ಪ್ರಾಜೆಕ್ಟನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.