ಆರು ತಿಂಗಳ ಸ್ವೆಟರ್ ಎಂದರೆ ಎಷ್ಟು ಅಗಲ?

ತಿಳಿ ಹಳದಿ ಸ್ವೆಟರ್, ಅದಕ್ಕೊಪ್ಪುವ ಕುಲಾವಿ, ಒಂದು ಜೊತೆ ಕಾಲುಚೀಲ. ಚಿತ್ರದ ಕೆಳಗೆ ಒಂದೇ ಸಾಲು: ‘ಕೈಯಲ್ಲಿ ಹೆಣೆದದ್ದು, ಸಾಫ್ಟ್ ಉಲ್ಲನ್, 0–6 ತಿಂಗಳು, ಹ್ಯಾಂಡ್ ವಾಶ್.’ ಮನೆಯಲ್ಲೇ ಹೆಣೆದು ಮಾರುವವರು ಬರೆಯುವ ವಿವರ ಸಾಮಾನ್ಯವಾಗಿ ಇಷ್ಟೇ. ಕೊಳ್ಳುವವರೂ ಇಷ್ಟನ್ನೇ ಓದಿ ದುಡ್ಡು ಕಳಿಸುತ್ತಾರೆ. ಬಟ್ಟೆ ಮನೆಗೆ ಬಂದ ಮೇಲೆ ಒಂದೋ ತೋಳು ಬೆರಳು ದಾಟಿ ಜೋತಾಡುತ್ತದೆ, ಇಲ್ಲವೇ ತಲೆ ಒಳಗೇ ಹೋಗುವುದಿಲ್ಲ. ತಪ್ಪು ಹೆಣೆದವರದೂ ಅಲ್ಲ, ಮಗುವಿನದೂ ಅಲ್ಲ. ತಿಂಗಳನ್ನು ಅಳತೆ ಎಂದು ನಂಬಿದ್ದರಲ್ಲಿದೆ.

ತುಂಬು ಮಾಸಕ್ಕೆ ಹುಟ್ಟಿದ ಕೂಸಿನ ಎದೆಯ ಸುತ್ತಳತೆ ಸುಮಾರು 32ರಿಂದ 33 ಸೆಂಟಿಮೀಟರ್. ಹೆಣಿಗೆಯವರು ಹೆಚ್ಚಾಗಿ ನೋಡುವುದು ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ಕೊಟ್ಟಿರುವ ಪಟ್ಟಿಯನ್ನು. ಅದರಲ್ಲಿ ಎದೆಯಳತೆ ಮೂರು ತಿಂಗಳಿಗೆ 16 ಇಂಚು, ಆರಕ್ಕೆ 17, ಹನ್ನೆರಡಕ್ಕೆ 18. ಅಂದರೆ ಆರರಿಂದ ಹನ್ನೆರಡನೇ ತಿಂಗಳ ನಡುವೆ ಬೆಳೆಯುವುದು ಒಂದೇ ಇಂಚು. ಹುಟ್ಟಿನಿಂದ ಆರು ತಿಂಗಳೊಳಗಾದರೋ ಹತ್ತು ಸೆಂಟಿಮೀಟರಿನಷ್ಟು, ಅಂದರೆ ನಾಲ್ಕು ಇಂಚು. ಮಗು ಯಾವಾಗ ಅತಿ ವೇಗವಾಗಿ ಬೆಳೆಯುತ್ತದೋ ಆ ಅವಧಿಗೇ ನಾವು ‘0–6’ ಎಂಬ ಒಂದೇ ಚೀಟಿ ಅಂಟಿಸಿ ಕೂತಿದ್ದೇವೆ. ಮೇಲಾಗಿ ಆ ಪಟ್ಟಿ ನಮ್ಮ ಮಕ್ಕಳನ್ನು ನೋಡಿ ಮಾಡಿದ್ದಲ್ಲ. ಭಾರತದಲ್ಲಿ ಹುಟ್ಟುವ ಮಕ್ಕಳ ಸರಾಸರಿ ತೂಕ ಮೂರು ಕಿಲೊಗಿಂತ ಕಡಿಮೆ. ಹೊರದೇಶದ ಮಾದರಿ ಹಿಡಿದು ಹೆಣೆದ ‘ನವಜಾತ’ ಅಳತೆಯ ಸ್ವೆಟರಿನಲ್ಲಿ ನಮ್ಮ ಕೂಸು ಮುಳುಗಿಹೋದರೆ ಅಚ್ಚರಿಯಿಲ್ಲ.

ಇನ್ನೊಂದು ಗೊಂದಲವೂ ಇದೆ. 17 ಇಂಚು ಎಂಬುದು ಮೈಯ ಅಳತೆ, ಬಟ್ಟೆಯದಲ್ಲ. ಒಳಗೊಂದು ಜುಬ್ಬ ಇರುತ್ತದೆ, ಮಗು ಕೈ ಆಡಿಸಬೇಕು. ಅದಕ್ಕೆ ಕನಿಷ್ಠ ಎರಡು ಇಂಚು ಸಡಿಲ ಬೇಕು. ಹಾಗಾಗಿ ಆರು ತಿಂಗಳ ಮಗುವಿನ ಸ್ವೆಟರ್ ಸುತ್ತಳತೆಯಲ್ಲಿ 19 ಇಂಚು, ಹತ್ತಿರ ಹತ್ತಿರ 48 ಸೆಂಟಿಮೀಟರ್ ಇರಬೇಕು.

ಈ 48 ಎಲ್ಲಿ ಕೈಕೊಡುತ್ತದೆ ಎಂದು ನೋಡೋಣ. ನಾಲ್ಕು ಪ್ಲೈ ದಾರವನ್ನು 10ನೇ ನಂಬರಿನ ಕಡ್ಡಿಯಲ್ಲಿ ಹೆಣೆಯುತ್ತಾರೆ. ಅದು 3.25 ಮಿಲಿಮೀಟರಿನ ಕಡ್ಡಿ. ನಮ್ಮ ಅಂಗಡಿಗಳ ಹಳೆಯ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣ. ಹದವಾದ ಕೈಯಲ್ಲಿ ಹತ್ತು ಸೆಂಟಿಮೀಟರಿಗೆ 28 ಕುಣಿಕೆಗಳು ಬರುತ್ತವೆ. ಬೆನ್ನಿನ ಭಾಗಕ್ಕೆ 24 ಸೆಂಟಿಮೀಟರ್ ಬೇಕು, ಆದ್ದರಿಂದ 67 ಕುಣಿಕೆ ಹಾಕಿಕೊಳ್ಳಬೇಕು. ಇದೇ 67 ಕುಣಿಕೆಯನ್ನು ಸಡಿಲವಾಗಿ ಹೆಣೆಯುವವರು ಹಾಕಿದರೆ ಅವರಿಗೆ ಹತ್ತು ಸೆಂಟಿಮೀಟರಿಗೆ 25 ಮಾತ್ರ ಬರುತ್ತದೆ. ಬೆನ್ನು 27 ಸೆಂಟಿಮೀಟರ್ ಆಗುತ್ತದೆ, ಸುತ್ತಳತೆ 54ರ ಹತ್ತಿರ ಬರುತ್ತದೆ. ಅದು ಒಂದೂವರೆ ಎರಡು ವರ್ಷದ ಮಗುವಿನ ಸ್ವೆಟರು. ಕೈ ಬಿಗಿಯಾಗಿ 31 ಕುಣಿಕೆ ಬಂದರೆ ಸುತ್ತಳತೆ 43ಕ್ಕೆ ಇಳಿದು ಮೈಗೆ ಅಂಟಿಕೊಳ್ಳುತ್ತದೆ. ಮಾದರಿ ಒಂದೇ, ದಾರ ಒಂದೇ, ಎಣಿಕೆ ಒಂದೇ. ಆದರೂ ಮೂರು ಬೇರೆ ಬೇರೆ ವಯಸ್ಸಿನ ಬಟ್ಟೆಗಳು ಹುಟ್ಟಿದವು. ಅದಕ್ಕೇ ಪಳಗಿದವರು ಮೊದಲು ಅಂಗೈಯಗಲದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ, ಆಮೇಲೆ ಕುಣಿಕೆ ಎಣಿಸುತ್ತಾರೆ. ಮಾರುವವರು ವಿವರದಲ್ಲಿ ಬರೆಯಬೇಕಾದದ್ದು ಹೆಣೆದು ಮುಗಿದ ಬಟ್ಟೆಯ ಮೇಲೆ ಟೇಪು ಇಟ್ಟಾಗ ಸಿಕ್ಕ ಸಂಖ್ಯೆಯನ್ನು, ಮಾದರಿ ಪುಸ್ತಕದ ಸಂಖ್ಯೆಯನ್ನಲ್ಲ.

ತಲೆಯದು ಬೇರೆಯದೇ ಕಥೆ. ಹುಟ್ಟಿದಾಗ ಮಗುವಿನ ತಲೆಯ ಸುತ್ತಳತೆ ಎದೆಗಿಂತ ದೊಡ್ಡದು, 34–35 ಸೆಂಟಿಮೀಟರ್. ಎದೆ ತಲೆಯನ್ನು ಸರಿಗಟ್ಟುವುದು ಹೆಚ್ಚೂಕಡಿಮೆ ವರ್ಷ ತುಂಬುವ ಹೊತ್ತಿಗೆ. ಎದೆಯಳತೆ ಸರಿಯಿದ್ದೂ ಸ್ವೆಟರ್ ತಲೆಯಲ್ಲಿ ಸಿಕ್ಕಿಕೊಳ್ಳುವುದು ಇದರಿಂದಲೇ. ಎಳೆಗೂಸಿಗೆ ಮುಂದೆ ತೆರೆಯುವ ಸ್ವೆಟರ್ ಅಥವಾ ಭುಜದ ಮೇಲೆ ಗುಂಡಿಯಿರುವ ಕತ್ತು ಬೇಕು. ಕುಲಾವಿಗೂ ಅಷ್ಟೆ: ಆರು ತಿಂಗಳಿಗೆ ತಲೆ 43 ಸೆಂಟಿಮೀಟರ್ ಮುಟ್ಟುತ್ತದೆ, ಆದ್ದರಿಂದ ಹೊಸ ಕೂಸಿಗೆ ಸರಿಹೊಂದಿದ ಕುಲಾವಿ ಕೆಲವೇ ವಾರಗಳ ಅತಿಥಿ.

ಉಡುಗೊರೆ ಕೊಡುವವರು ಲೆಕ್ಕ ತಪ್ಪುವುದು ಋತುವಿನಲ್ಲಿ. ಆಗಸ್ಟ್‌ನಲ್ಲಿ ಹುಟ್ಟಿದ ಮಗುವಿನ ನಾಮಕರಣಕ್ಕೆ ‘ನವಜಾತ’ ಅಳತೆಯ ಉಣ್ಣೆ ಸ್ವೆಟರ್ ಒಯ್ದರೆ, ಚಳಿ ಬರುವಷ್ಟರಲ್ಲಿ ಮಗುವಿಗೆ ನಾಲ್ಕೈದು ತಿಂಗಳಾಗಿರುತ್ತದೆ. ಆರು ತಿಂಗಳ ಅಳತೆಯದ್ದೇ ಒಯ್ಯುವುದು ಲೇಸು. ಅದೂ ಮಡಿಕೇರಿಗೋ ಚಿಕ್ಕಮಗಳೂರಿಗೋ ಆದರೆ. ಮಂಗಳೂರಿನ ಕೂಸಿಗೆ ಉಣ್ಣೆ ಯಾಕೆ? ಅಲ್ಲಿಗೆ ಹತ್ತಿಯ ದಾರದ ಕ್ರೋಶಾ ಅಂಗಿ ಸಾಕು.

ಈಗ ‘ಸಾಫ್ಟ್ ಉಲ್ಲನ್’ಗೆ ಬರೋಣ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೇಳಿದರೆ ಸಿಗುವ ಉಂಡೆಗಳಲ್ಲಿ ಬಹಳಷ್ಟು ಕುರಿಯನ್ನೇ ಕಂಡಿಲ್ಲ. ಅವು ಅಕ್ರಿಲಿಕ್, ಅಂದರೆ ಪೆಟ್ರೋಲಿಯಂ ಮೂಲದ ಕೃತಕ ಎಳೆ. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯಲ್ಲಿ ಅದನ್ನು ಬರೆದಿರುತ್ತಾರೆ, ಓದುವವರು ಕಡಿಮೆ. ಪಟ್ಟಿ ಕಳೆದುಹೋಗಿದ್ದರೆ ಒಂದು ತುಂಡು ದಾರವನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು ಸುಟ್ಟರೆ ತಿಳಿಯುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿಯಿಂದ ತೆಗೆದರೆ ತಾನೇ ಆರಿ ಕರಿ ಪುಡಿಯಾಗುತ್ತದೆ. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ. ಅಕ್ರಿಲಿಕ್ ಕರಗುತ್ತ ಉರಿದು ಕೊನೆಗೆ ಗಟ್ಟಿ ಕರಿ ಮಣಿಯಾಗಿ ಉಳಿಯುತ್ತದೆ.

ಅಕ್ರಿಲಿಕ್ ಕೆಟ್ಟದ್ದೆಂದು ಇದರರ್ಥವಲ್ಲ. ಅಗ್ಗ, ಹಗುರ, ಎಷ್ಟು ಒಗೆದರೂ ಕುಗ್ಗುವುದಿಲ್ಲ. ಬಾಣಂತಿ ಮನೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಬದಲಿಸುವ ಬಟ್ಟೆಗೆ ಇದು ಸಣ್ಣ ಗುಣವಲ್ಲ. ಆದರೆ ಅದು ಬೆವರು ಹೀರುವುದು ತೀರಾ ಕಡಿಮೆ. ಉಣ್ಣೆ ಒದ್ದೆಯೆನಿಸದೆಯೇ ಸಾಕಷ್ಟು ತೇವ ಹೀರಿಕೊಳ್ಳುತ್ತದೆ, ಹತ್ತಿಯೂ ಹೀರುತ್ತದೆ. ಅಕ್ರಿಲಿಕ್ ಸ್ವೆಟರಿನ ಕೆಳಗೆ ಹತ್ತಿಯ ಜುಬ್ಬ ಇರಲೇಬೇಕು ಎನ್ನುವುದು ಇದಕ್ಕೇ. ಈಚೆಗೆ ಕ್ರೋಶಾ ಮಾಡುವವರ ಕೈಯಲ್ಲೆಲ್ಲ ಓಡಾಡುತ್ತಿರುವ ‘ಮಿಲ್ಕ್ ಕಾಟನ್’ ಹೆಸರಿನಲ್ಲಿ ಹಾಲಿದೆ, ಪಟ್ಟಿ ತಿರುಗಿಸಿದರೆ ಸಾಮಾನ್ಯವಾಗಿ ಕಾಣುವುದು ಹತ್ತಿ ಮತ್ತು ಅಕ್ರಿಲಿಕ್ ಮಿಶ್ರಣ. ಹಾಲಿನ ಕೇಸಿನ್‌ನಿಂದ ಎಳೆ ತೆಗೆದದ್ದೂ ಉಂಟು. 1930ರ ದಶಕದಲ್ಲಿ ಇಟಲಿಯಲ್ಲಿ ಅದನ್ನು ಲನಿಟಾಲ್ ಎಂಬ ಹೆಸರಿನಲ್ಲಿ ಮಾರುತ್ತಿದ್ದರು.

ಮೆದು ಎಂಬುದನ್ನು ಉಣ್ಣೆಯ ಮಟ್ಟಿಗೆ ಅಳೆಯಲೂ ಬರುತ್ತದೆ. ಚರ್ಮ ಚುಚ್ಚಿದಂತಾಗಲು ಅಲರ್ಜಿಯೇ ಬೇಕಿಲ್ಲ. ಎಳೆಯ ದಪ್ಪ ಸುಮಾರು 30 ಮೈಕ್ರಾನ್ ದಾಟಿದರೆ ಅದರ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ, ಅದೇ ತುರಿಕೆ. ನಯವಾದ ಮೆರಿನೊ ಎಳೆಯ ದಪ್ಪ 20 ಮೈಕ್ರಾನಿನ ಆಸುಪಾಸು. ನಮ್ಮ ದಖ್ಖನಿ ಕುರಿಯ ಒರಟು ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಕೂಸಿನ ಕುತ್ತಿಗೆಗಲ್ಲ. ಅಂಗಡಿಯಲ್ಲಿ ಅಂಗೈಯಿಂದ ಸವರಿ ನೋಡುವುದರಿಂದ ಹೆಚ್ಚೇನೂ ತಿಳಿಯದು, ಅಂಗೈ ಚರ್ಮ ದಪ್ಪ. ಉಂಡೆಯನ್ನು ಕತ್ತಿಗೋ ಮಣಿಕಟ್ಟಿನ ಒಳಬದಿಗೋ ಒತ್ತಿ ಒಂದು ನಿಮಿಷ ಹಿಡಿಯಬೇಕು. ಅಂಗೋರಾ, ಮೊಹೇರ್‌ಗಳಂಥ ನವಿರು ಕೂದಲಿನ ದಾರಗಳು ಈ ಪರೀಕ್ಷೆಯಲ್ಲಿ ಗೆದ್ದರೂ ಕೂಸಿಗೆ ಬೇಡ. ಅವುಗಳ ಕೂದಲು ಉದುರಿ ಮಗುವಿನ ಮೂಗಿಗೆ, ಬಾಯಿಗೆ ಹೋಗುತ್ತದೆ.

ಇನ್ನು, ದಾರ ಎಷ್ಟೇ ನಯವಾಗಿದ್ದರೂ ಬಟ್ಟೆಯ ಒಳಮೈ ಒರಟಾಗಿರಬಹುದು. ಕೊಳ್ಳುವವರು ಒಳಬದಿಯ ಚಿತ್ರವನ್ನೂ ಕೇಳಬೇಕು. ಜೋಡಿಸಿದ ಅಂಚುಗಳ ದಪ್ಪ, ಗಂಟುಗಳು, ನೇತಾಡುವ ತುದಿಗಳು ಅಲ್ಲೇ ಕಾಣುವುದು. ಕೈಚೀಲ, ಕಾಲುಚೀಲಗಳಲ್ಲಿ ಇದು ಅಂದದ ಮಾತಷ್ಟೇ ಅಲ್ಲ. ಒಳಗೆ ಬಿಟ್ಟ ಒಂದೇ ಒಂದು ಎಳೆ ಪುಟ್ಟ ಬೆರಳಿಗೆ ಸುತ್ತಿ ಬಿಗಿದುಕೊಂಡು ರಕ್ತ ಹರಿಯದಂತೆ ಮಾಡುವುದುಂಟು. ಕಾರಣ ತಿಳಿಯದೆ ಮಗು ಒಂದೇ ಸಮ ಅಳುತ್ತಿದ್ದರೆ ಮಕ್ಕಳ ವೈದ್ಯರು ಕೈಕಾಲಿನ ಬೆರಳು ಬಿಡಿಸಿ ನೋಡುವುದು ಇದಕ್ಕಾಗಿಯೂ ಹೌದು. ದೊಡ್ಡ ತೂತಿನ ಕ್ರೋಶಾ ಜಾಲರಿಯಲ್ಲೂ ಬೆರಳು ಸಿಕ್ಕಿಕೊಳ್ಳುತ್ತದೆ. ಕತ್ತಿನ ಸುತ್ತ ಕಟ್ಟುವ ರಿಬ್ಬನ್ ಚಿತ್ರಕ್ಕೆ ಚೆಂದ, ತೊಟ್ಟಿಲಿಗೆ ಬೇಡ.

‘ಹ್ಯಾಂಡ್ ವಾಶ್’ ಎಂಬ ಎರಡು ಪದ ಮೂರು ಬಗೆಯ ದಾರಕ್ಕೂ ಸಾಲುವುದಿಲ್ಲ. ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸ್ವೆಟರ್ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಹಾಗಾಗಿ ತಣ್ಣೀರು ಅಥವಾ ಕೈಗೆ ಬೆಚ್ಚಗೂ ಎನಿಸದ ನೀರು, ಉಣ್ಣೆಗೆಂದೇ ಬರುವ ಸೌಮ್ಯ ದ್ರವ, ನೆನೆಸಿ ಮೆಲ್ಲಗೆ ಅದುಮುವುದು, ಇಷ್ಟೇ. ಕಲೆ ತೆಗೆಯುವ ಕಿಣ್ವವಿರುವ ಪುಡಿ ಉಣ್ಣೆಗೆ ಆಗದು, ಏಕೆಂದರೆ ಉಣ್ಣೆಯೂ ಒಂದು ಪ್ರೋಟೀನೇ. ‘ಸೂಪರ್‌ವಾಶ್’ ಎಂದಿದ್ದರೆ ಆ ಹುರುಪೆಗಳನ್ನು ಸವೆಸಿಯೋ ಲೇಪ ಹಾಕಿಯೋ ಸಂಸ್ಕರಿಸಿದ್ದಾರೆ ಎಂದರ್ಥ. ಅದು ಕುಗ್ಗದು, ಬದಲಿಗೆ ನೆಂದಾಗ ಜಗ್ಗುತ್ತದೆ. ಅಕ್ರಿಲಿಕ್‌ಗೆ ನೀರಿನ ಭಯವಿಲ್ಲ, ಇಸ್ತ್ರಿಯ ಭಯವಿದೆ. ಬಿಸಿ ತಗುಲಿದರೆ ಹೆಣಿಗೆಯ ಉಬ್ಬುತಗ್ಗು ಸತ್ತು ಬಟ್ಟೆ ಸೋತಂತಾಗುತ್ತದೆ, ಅದನ್ನು ಮತ್ತೆ ಸರಿಪಡಿಸಲಾಗದು. ಒಣಗಿಸುವುದರಲ್ಲಿ ಮಾತ್ರ ಮೂರಕ್ಕೂ ಒಂದೇ ನಿಯಮ: ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ನೆರಳಲ್ಲಿ ಹರವಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದ ಹೆಚ್ಚಿ, ಟೇಪು ಹಿಡಿದು ಬರೆದ ಅಳತೆ ಸುಳ್ಳಾಗುತ್ತದೆ.

ಇಷ್ಟೆಲ್ಲ ಸೇರಿಸಿ ಆ ಹಳದಿ ಸ್ವೆಟರಿನ ವಿವರ ಹೀಗೆ ಬರೆಯಬಹುದು: ‘ನಾಲ್ಕು ಪ್ಲೈ, 100% ಅಕ್ರಿಲಿಕ್. ಬಟ್ಟೆಯ ಸುತ್ತಳತೆ 48, ಉದ್ದ 26, ಕಂಕುಳಿಂದ ತೋಳು 16 ಸೆಂ.ಮೀ.; ಎದೆ 43 ಸೆಂ.ಮೀ. ವರೆಗಿನ ಮಗುವಿಗೆ, ಸುಮಾರು 4–6 ತಿಂಗಳು. ಮುಂದೆ ತೆರೆಯುತ್ತದೆ, ಗುಂಡಿ ಐದು. ತಣ್ಣೀರಲ್ಲಿ ಒಗೆದು ಹರವಿ ಒಣಗಿಸಿ, ಇಸ್ತ್ರಿ ಬೇಡ.’ ಮೂರು ಸಾಲು ಹೆಚ್ಚಾಯಿತು, ವಾಪಸು ಬರುವ ಪಾರ್ಸಲ್ ಕಡಿಮೆಯಾಯಿತು.

ಅಕ್ಕನ ಮಗುವಿನ ಸ್ವೆಟರ್ ತಂಗಿಯ ಮಗುವಿಗೆ ಬರುವ ಮನೆಗಳಲ್ಲಿ ಒಗೆಯುವುದಕ್ಕಿಂತ ದೊಡ್ಡ ಸಂಗತಿ ಎತ್ತಿಡುವುದು. ಟ್ರಂಕಿನಲ್ಲಿ ಉಣ್ಣೆ ಬಟ್ಟೆಯ ನಡುವೆ ನುಸಿಗುಳಿಗೆ ಹಾಕುವುದು ನಮ್ಮ ಹಳೆಯ ರೂಢಿ. ಹಲವು ನುಸಿಗುಳಿಗೆಗಳಲ್ಲಿರುವುದು ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಕೂಸುಗಳಲ್ಲಿ ಅದರ ಆವಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಹೀಗೆ ಎತ್ತಿಟ್ಟಿದ್ದ ಬಟ್ಟೆ, ಹೊದಿಕೆಗಳಿಂದಲೇ ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕೊರತೆ ಇದೆಯೆಂಬುದು ಎಷ್ಟೋ ಮನೆಗಳಿಗೆ ಮೊದಲೇ ಗೊತ್ತಿರುವುದಿಲ್ಲ, ಗಂಡುಮಕ್ಕಳಲ್ಲಿ ಅದು ಹೆಚ್ಚು. ಆದ್ದರಿಂದ ಕೂಸಿನ ಬಟ್ಟೆಗೆ ಗುಳಿಗೆ ಬೇಡವೇ ಬೇಡ. ನುಸಿ ಹುಡುಕಿಕೊಂಡು ಬರುವುದು ಬೆವರು, ಹಾಲಿನ ಕಲೆ ಉಳಿದ ಉಣ್ಣೆಯನ್ನು. ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟರೆ ಸಾಕು. ಗುಳಿಗೆಯ ವಾಸನೆ ಹೊತ್ತ ಹಳೆಯ ಸ್ವೆಟರ್ ಯಾರಾದರೂ ಪ್ರೀತಿಯಿಂದ ಕೊಟ್ಟರೆ, ಒಗೆದು ದಿನಗಟ್ಟಲೆ ಗಾಳಿಗೆ ಹರವಿ, ವಾಸನೆ ಪೂರ್ತಿ ಹೋಗುವ ತನಕ ತೊಡಿಸಬಾರದು. ಹೋಗದಿದ್ದರೆ ಅದನ್ನು ಕೂಸಿಗೆ ಹಾಕುವುದೇ ಬೇಡ.